ಎಷ್ಟು ಮುಗಿಯಿತು, ಇನ್ನೆಷ್ಟು ದಿನ ಬೇಕು?

ಮೇಲ್ಸೇತುವೆ, ಮೆಟ್ರೋ ಅಥವಾ ದೊಡ್ಡ ಕಾರ್ಖಾನೆ ಕಟ್ಟುವ ಕಂಪನಿಗಳು ‘ಸೈಟ್ ಪ್ಲಾನಿಂಗ್ ಎಂಜಿನಿಯರ್ ಬೇಕಾಗಿದ್ದಾರೆ’ ಎಂದು ಪ್ರಕಟಣೆ ಕೊಡುವುದುಂಟು. ಸಿವಿಲ್ ಪದವಿ, ಕೆಲವು ವರ್ಷಗಳ ಸೈಟ್ ಅನುಭವ, ಎಕ್ಸೆಲ್ ಮತ್ತು ಪ್ರಿಮವೆರಾ ತಂತ್ರಾಂಶದ ತಿಳಿವಳಿಕೆ ಇರಬೇಕು ಎಂಬುದು ಅರ್ಹತೆ. ಹೊಣೆಗಾರಿಕೆಯ ಪಟ್ಟಿಯಲ್ಲಿ ಮುಖ್ಯವಾದವು ಎರಡು: ಪ್ರಗತಿಯನ್ನು ಅಳೆಯುವುದು ಮತ್ತು ವೇಳಾಪಟ್ಟಿಯನ್ನು ಕಾಲಕಾಲಕ್ಕೆ ಪರಿಷ್ಕರಿಸುವುದು. ಕೇಳಲು ಇವೆರಡೂ ಒಂದೇ ಕೆಲಸದಂತಿವೆ, ಆದರೆ ಒಂದೇ ಅಲ್ಲ. ಮೊದಲನೆಯದು ಆಗಿಹೋದ ಕೆಲಸದ ಲೆಕ್ಕ, ಎರಡನೆಯದು ಉಳಿದ ಕೆಲಸದ ಲೆಕ್ಕ. ಇವೆರಡನ್ನು ಬೆರೆಸದೆ ಇಟ್ಟುಕೊಳ್ಳುವವರೇ ಒಳ್ಳೆಯ ಪ್ಲಾನಿಂಗ್ ಎಂಜಿನಿಯರ್.

ನಗರದ ರಸ್ತೆಯ ಮಧ್ಯೆ ಏಳುತ್ತಿರುವ ಒಂದು ಮೇಲ್ಸೇತುವೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದಕ್ಕೆ 40 ಕಂಬಗಳು. ಪ್ರತಿ ಕಂಬಕ್ಕೂ ಮೊದಲು ನೆಲ ಕೊರೆದು ಪೈಲ್ ಹಾಕಬೇಕು. ಪೈಲ್‌ಗಳ ತಲೆಗಳನ್ನು ಒಟ್ಟು ಸೇರಿಸುವ ದಪ್ಪ ಕಾಂಕ್ರೀಟ್ ದಿಮ್ಮಿ ಪೈಲ್ ಕ್ಯಾಪ್. ಅದರ ಮೇಲೆ ಕಂಬ, ಕಂಬದ ನೆತ್ತಿಯ ಮೇಲೆ ಪಿಯರ್ ಕ್ಯಾಪ್. ಕೊನೆಗೆ ಲಾಂಚಿಂಗ್ ಗರ್ಡರ್ ಎಂಬ ಉದ್ದನೆಯ ಉಕ್ಕಿನ ಯಂತ್ರ ಒಂದು ಕಂಬದಿಂದ ಮುಂದಿನದಕ್ಕೆ ಸರಿಯುತ್ತಾ ಸೇತುವೆಯ ಮೇಲ್ಭಾಗವನ್ನು ಜೋಡಿಸುತ್ತದೆ.

ಈಗ ಅಳತೆಯ ಪ್ರಶ್ನೆ. ಒಂದು ಪೈಲ್ ಕ್ಯಾಪ್ ಎಷ್ಟು ಮುಗಿದಿದೆ ಎಂದು ಮೇಸ್ತ್ರಿಯನ್ನು ಕೇಳಿದರೆ ‘ಅರ್ಧ ಆಯ್ತು ಸಾರ್’ ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಅವರ ಅರ್ಧ, ಸೈಟ್ ಎಂಜಿನಿಯರರ ಅರ್ಧ, ಹಣ ಕೊಡುವ ಇಲಾಖೆಯ ಅರ್ಧ ಬೇರೆಬೇರೆ. ಆದ್ದರಿಂದ ಕೆಲಸ ಶುರುವಾಗುವ ಮೊದಲೇ ಎಲ್ಲರೂ ಒಪ್ಪಿದ ಒಂದು ನಿಯಮ ಬೇಕು. ಗುಂಡಿ ತೋಡಿ ತಳಕ್ಕೆ ತೆಳು ಕಾಂಕ್ರೀಟ್ ಹಾಕಿದರೆ 20 ಅಂಕ, ಕಂಬಿ ಕಟ್ಟಿ ತಪಾಸಣೆ ಮುಗಿದರೆ 40, ಸೆಂಟ್ರಿಂಗ್ ನಿಂತರೆ 10, ಕಾಂಕ್ರೀಟ್ ಬಿದ್ದರೆ 30 ಎಂದಿಟ್ಟುಕೊಳ್ಳೋಣ. ಈ ಅಂಕಗಳನ್ನು ಸಾಮಾನ್ಯವಾಗಿ ಆಯಾ ಹಂತಕ್ಕೆ ತಗಲುವ ವೆಚ್ಚ ಅಥವಾ ದುಡಿಮೆಯ ಗಂಟೆಗಳನ್ನು ನೋಡಿ ಹಂಚುತ್ತಾರೆ.

ನಿಯಮದ ಜೀವ ಇರುವುದು ‘ಮುಗಿದರೆ’ ಎಂಬ ಷರತ್ತಿನಲ್ಲಿ. ಕಂಬಿ ಮುಕ್ಕಾಲು ಭಾಗ ಕಟ್ಟಿದ್ದರೂ ತಪಾಸಣೆಯ ಸಹಿ ಬೀಳುವ ತನಕ ಅದಕ್ಕೆ ಅಂಕವಿಲ್ಲ. ಮೇಸ್ತ್ರಿಯ ಲೆಕ್ಕದ ಅರ್ಧ ಇಲ್ಲಿ ಶೇ 20 ಆಗಿ ದಾಖಲಾಗುತ್ತದೆ. ಅನ್ಯಾಯವೆನಿಸಿದರೂ ಇದರಿಂದ ದೊಡ್ಡದೊಂದು ಕಾಯಿಲೆ ತಪ್ಪುತ್ತದೆ. ಅಂದಾಜಿನ ಮೇಲೆ ನಡೆಯುವ ಸೈಟುಗಳಲ್ಲಿ ಕೆಲಸ ಬೇಗನೆ ಶೇ 90ಕ್ಕೆ ಏರಿ ಅಲ್ಲೇ ತಿಂಗಳುಗಟ್ಟಲೆ ಕೂರುತ್ತದೆ. ಒಂದೇ ಕೆಲಸ ಮೂರು ವರದಿಗಳಲ್ಲಿ ಶೇ 90 ಎಂದೇ ಕಂಡರೆ ಅದನ್ನು ಯಾರೂ ಅಳೆಯುತ್ತಿಲ್ಲ ಎಂದೇ ತಿಳಿಯಬೇಕು.

ಈ ಅಂಕಿಗಳ ಮೂಲ ದಿನದ ವರದಿ. ಸೈಟಿನಲ್ಲಿ ಅದನ್ನು ಡಿಪಿಆರ್ ಎನ್ನುತ್ತಾರೆ. ಯಾವ ಕಂಬದಲ್ಲಿ ಏನು ನಡೆಯಿತು, ಎಷ್ಟು ಘನ ಮೀಟರ್ ಕಾಂಕ್ರೀಟ್ ಬಿತ್ತು, ಎಷ್ಟು ಜನ ಇದ್ದರು, ಯಾವ ಯಂತ್ರ ನಿಂತಿತ್ತು, ಏಕೆ ನಿಂತಿತ್ತು ಎಂಬುದೆಲ್ಲ ಅದರಲ್ಲಿರುತ್ತದೆ. ಪ್ಲಾನಿಂಗ್ ಎಂಜಿನಿಯರ್ ಅದನ್ನು ತಪಾಸಣೆಯ ಕಾಗದಗಳೊಂದಿಗೆ ತಾಳೆ ನೋಡಬೇಕು, ತಾಳೆಯಾಗದಿದ್ದರೆ ಎದ್ದು ಹೋಗಿ ಗುಂಡಿಯನ್ನೇ ನೋಡಿ ಬರಬೇಕು. ಹುದ್ದೆಯ ಹೆಸರಿನಲ್ಲಿ ‘ಸೈಟ್’ ಇರುವುದು ಅದಕ್ಕಾಗಿಯೇ.

ಎರಡನೆಯ ಹೊಣೆಗೆ ಬರೋಣ. ಕೆಲಸಗಳನ್ನು ಒಂದಕ್ಕೊಂದು ಕೊಂಡಿ ಹಾಕಿ, ಯಾವ ಸರಪಳಿ ಅತಿ ಉದ್ದವೋ ಅದೇ ಯೋಜನೆಯ ಅವಧಿಯನ್ನು ನಿರ್ಧರಿಸುತ್ತದೆ ಎಂದು ಲೆಕ್ಕ ಹಾಕುವ ವಿಧಾನ 1950ರ ದಶಕದ ಕೊನೆಯಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯಲ್ಲಿ ರೂಪುಗೊಂಡಿತು. ಆ ಸರಪಳಿಗೆ ಕ್ರಿಟಿಕಲ್ ಪಾತ್ ಎಂದು ಹೆಸರು. ಇಂದಿನ ತಂತ್ರಾಂಶಗಳು ಮಾಡುವುದೂ ಅದೇ ಲೆಕ್ಕವನ್ನು.

ಪರಿಷ್ಕರಣೆಗೆ ಮೊದಲು ಒಂದು ದಿನಾಂಕ ಗೊತ್ತುಮಾಡುತ್ತಾರೆ, ಅದೇ ಡೇಟಾ ಡೇಟ್. ಅದರ ಹಿಂದಿನದೆಲ್ಲ ನಡೆದ ಸಂಗತಿ, ಮುಂದಿನದೆಲ್ಲ ಅಂದಾಜು. ಆ ದಿನದ ತನಕ ಯಾವ ಕೆಲಸ ನಿಜವಾಗಿ ಎಂದು ಶುರುವಾಯಿತು, ಎಂದು ಮುಗಿಯಿತು ಎಂದು ತುಂಬಬೇಕು. ನಡೆಯುತ್ತಿರುವ ಪ್ರತಿ ಕೆಲಸಕ್ಕೂ ‘ಇನ್ನೆಷ್ಟು ದಿನ?’ ಎಂದು ಕೇಳಿ ಬರೆಯಬೇಕು. ಹತ್ತು ದಿನದ ಕೆಲಸ ಶೇ 70 ಮುಗಿದಿದೆ, ಆದ್ದರಿಂದ ಇನ್ನು ಮೂರು ದಿನ ಎಂದು ಗುಣಿಸಿ ಹಾಕುವಂತಿಲ್ಲ. ಪೈಲ್ ಕೊರೆಯುವಾಗ ಮೇಲಿನ ಮಣ್ಣು ಬೇಗ ಬರುತ್ತದೆ, ಕೊನೆಯ ಕೆಲವೇ ಅಡಿ ಬಂಡೆ ದಿನಗಳನ್ನು ನುಂಗುತ್ತದೆ.

ನಮ್ಮ ಮೇಲ್ಸೇತುವೆಯಲ್ಲಿ ಡೇಟಾ ಡೇಟ್ ಸೆಪ್ಟೆಂಬರ್ 30. ಅಷ್ಟರಲ್ಲಿ 24 ಕಂಬಗಳ ಅಡಿಪಾಯ ಮುಗಿಯಬೇಕಿತ್ತು, ಮುಗಿದಿರುವುದು 25. ವರದಿಯ ಮೊದಲ ಪುಟದಲ್ಲಿ ಕೆಲಸ ಯೋಜನೆಗಿಂತ ಮುಂದಿದೆ. ಆದರೆ 11ನೇ ಕಂಬದ ಜಾಗದಲ್ಲಿ ಕುಡಿಯುವ ನೀರಿನ ದೊಡ್ಡ ಕೊಳವೆ ಹಾದುಹೋಗಿದೆ. ಅದನ್ನು ಬಿಟ್ಟು ತಂಡ ಮುಂದಿನ ಜಾಗಗಳಲ್ಲಿ ಕೆಲಸ ಮಾಡಿ ಸಂಖ್ಯೆಯನ್ನು ಸರಿದೂಗಿಸಿದೆ. ಕೊಳವೆಯನ್ನು ನವೆಂಬರ್ 15ಕ್ಕೆ ಸ್ಥಳಾಂತರಿಸುವುದಾಗಿ ಸಂಬಂಧಪಟ್ಟವರು ಹೇಳಿದ್ದಾರೆ.

ಲಾಂಚಿಂಗ್ ಗರ್ಡರ್ ನವೆಂಬರ್ 1ರಂದು ಮೊದಲ ಕಂಬದಿಂದ ಹೊರಡುತ್ತದೆ, ವಾರಕ್ಕೊಂದು ಅಂತರ ಮುಗಿಸುತ್ತದೆ. ಹತ್ತು ಕಂಬಗಳ ನಡುವೆ ಒಂಬತ್ತು ಅಂತರ, ಅಂದರೆ 63 ದಿನ. ಜನವರಿ 3ಕ್ಕೆ ಅದಕ್ಕೆ 11ನೇ ಕಂಬ ಸಿದ್ಧವಿರಬೇಕು. ಇತ್ತ ಆ ಕಂಬಕ್ಕೆ ಪೈಲ್ 12 ದಿನ, ಪೈಲ್ ಕ್ಯಾಪ್ 12, ಕಂಬ 10, ಪಿಯರ್ ಕ್ಯಾಪ್ 20, ಭಾರ ಹೊರುವಷ್ಟು ಕಾಂಕ್ರೀಟ್ ಗಟ್ಟಿಯಾಗಲು 8 ಎಂದರೂ ಒಟ್ಟು 62 ದಿನ. ನವೆಂಬರ್ 15ರಿಂದ ಎಣಿಸಿದರೆ ಜನವರಿ 16. ಹದಿಮೂರು ದಿನ ಯಂತ್ರ ಸುಮ್ಮನೆ ನಿಲ್ಲುತ್ತದೆ. ಅದು ಕಂಬದಿಂದ ಕಂಬಕ್ಕೆ ಸಾಲಾಗಿಯೇ ಸಾಗಬೇಕಾದ್ದರಿಂದ ಮುಂದಿನ ಎಲ್ಲ ಅಂತರಗಳೂ ಅಷ್ಟೇ ದಿನ ಹಿಂದೆ ಬೀಳುತ್ತವೆ. 25 ಅಡಿಪಾಯ ಮುಗಿದಿರುವುದೂ ನಿಜ, ಸೇತುವೆ ತಡವಾಗುವುದೂ ನಿಜ.

ಇಲ್ಲಿ ಪ್ಲಾನಿಂಗ್ ಎಂಜಿನಿಯರ್ ‘ವಿಳಂಬವಾಗುತ್ತಿದೆ’ ಎಂದು ಬರೆದು ಕೈತೊಳೆದುಕೊಂಡರೆ ಸಾಲದು. ಲೆಕ್ಕವನ್ನು ಹಿಂದಕ್ಕೆ ನಡೆಸಿದರೆ ಕೊಳವೆ ನವೆಂಬರ್ 2ರೊಳಗೆ ತೆರವಾಗಬೇಕು ಎಂದು ತಿಳಿಯುತ್ತದೆ. ಯೋಜನಾ ವ್ಯವಸ್ಥಾಪಕರು ಆ ದಿನಾಂಕ ಹಿಡಿದುಕೊಂಡು ನೀರಿನ ಮಂಡಳಿಯ ಮುಂದೆ ಕೂರಬಹುದು. ಅದು ಆಗದಿದ್ದರೆ ಪಿಯರ್ ಕ್ಯಾಪ್‌ಗೆ ಹೆಚ್ಚುವರಿ ಸೆಂಟ್ರಿಂಗ್ ಮತ್ತು ಜನರನ್ನು ಹಾಕಿದರೆ ಎಷ್ಟು ದಿನ ಉಳಿಯುತ್ತದೆ ಎಂದು ನೋಡಬಹುದು. ಎಲ್ಲವನ್ನೂ ಸೆಪ್ಟೆಂಬರ್‌ನಲ್ಲೇ ಯೋಚಿಸಲು ಸಮಯವಿದೆ, ಡಿಸೆಂಬರ್‌ನಲ್ಲಿ ಇರುವುದಿಲ್ಲ.

ಒತ್ತಡ ಬರುವುದೂ ಈ ಘಟ್ಟದಲ್ಲೇ. ತಡವನ್ನು ಮರೆಮಾಡಲು ಸುಲಭದ ದಾರಿಗಳಿವೆ. ಪಿಯರ್ ಕ್ಯಾಪ್‌ನ 20 ದಿನವನ್ನು 7 ಎಂದು ತಿದ್ದಿದರೆ ಹದಿಮೂರು ದಿನ ಪರದೆಯ ಮೇಲಿಂದ ಮಾಯವಾಗುತ್ತವೆ. ಎರಡು ಕೆಲಸಗಳ ನಡುವಿನ ಕೊಂಡಿ ಕಿತ್ತರೂ ಅಷ್ಟೇ. ಹಿಂದಿನ ತಿಂಗಳ ವೇಳಾಪಟ್ಟಿಯನ್ನು ಪಕ್ಕದಲ್ಲಿಟ್ಟು ನೋಡಿದರೆ ಈ ತಿದ್ದುಪಡಿ ಕಾಣುತ್ತದೆ: ಕೆಲಸ ತಡವಾಗಿ ಶುರುವಾಗಿದೆ, ಆದರೂ ಮುಕ್ತಾಯದ ದಿನ ಕದಲಿಲ್ಲ, ನಡುವೆ ಯಾವುದೋ ಅವಧಿ ಕಾರಣವಿಲ್ಲದೆ ಕುಗ್ಗಿದೆ. ಆದ್ದರಿಂದಲೇ ಒಪ್ಪಿದ ಮೂಲ ವೇಳಾಪಟ್ಟಿಯನ್ನು, ಅಂದರೆ ಬೇಸ್‌ಲೈನನ್ನು ಮುಟ್ಟದೆ ಇಡಬೇಕು, ಪ್ರತಿ ತಿಂಗಳ ಪರಿಷ್ಕರಣೆಯನ್ನೂ ಪ್ರತ್ಯೇಕವಾಗಿ ಉಳಿಸಬೇಕು. ಮುಂದೆ ಗುತ್ತಿಗೆದಾರರು ಹೆಚ್ಚುವರಿ ಕಾಲಾವಕಾಶ ಕೇಳಿದಾಗ ತಡ ಯಾರಿಂದ, ಎಷ್ಟು ದಿನ ಎಂಬ ವಾದಕ್ಕೆ ಈ ದಾಖಲೆಗಳೇ ಆಧಾರ. ಹದಿಮೂರು ದಿನವನ್ನು ಅಂದು ಅಳಿಸಿದವರು, ಅದು ಕೊಳವೆಯಿಂದಾದ ತಡ ಎಂದು ಆಮೇಲೆ ಸಾಧಿಸಲಾರರು.

ಈ ಹುದ್ದೆಯವರು ಕೊಳವೆ ಸರಿಸಲಾರರು, ಕಾಂಕ್ರೀಟನ್ನು ಬೇಗ ಗಟ್ಟಿಯಾಗಿಸಲಾರರು, ಕೂಲಿಯವರನ್ನು ಕರೆತರುವ ಅಧಿಕಾರವೂ ಅವರಿಗಿಲ್ಲ. ಅವರ ಕೈಯಲ್ಲಿರುವುದು ನಂಬಬಹುದಾದ ದಿನಾಂಕ ಮಾತ್ರ. ಹಾಗಾಗಿ ನೇಮಕ ಮಾಡುವ ಕಂಪನಿಗಳು ಹೊಣೆಗಾರಿಕೆಯ ಪಟ್ಟಿಗೆ ಇನ್ನೆರಡು ಸಾಲು ಸೇರಿಸಬೇಕು: ಅಳತೆಗಾಗಿ ಸೈಟಿನ ಯಾವ ಮೂಲೆಗೂ ಹೋಗುವ ಸ್ವಾತಂತ್ರ್ಯ ಇವರಿಗಿದೆ, ಇವರು ಲೆಕ್ಕ ಹಾಕಿದ ಮುಕ್ತಾಯದ ದಿನವನ್ನು ಲಿಖಿತ ಕಾರಣವಿಲ್ಲದೆ ಯಾರೂ ತಿದ್ದುವಂತಿಲ್ಲ. ಹುದ್ದೆಗೆ ಅರ್ಜಿ ಹಾಕುವವರು ಸಂದರ್ಶನದಲ್ಲಿ ಸಂಬಳದ ಜೊತೆಗೆ ಇವೆರಡನ್ನೂ ಕೇಳಿ ತಿಳಿಯುವುದು ಒಳಿತು.