‘ಬಂದದ್ದು’ ಮತ್ತು ‘ಇರುವುದು’: ಎಚ್‌ಐವಿ ಅಂಕಿಗಳನ್ನು ಓದುವ ಬಗೆ

‘ಅವನಿಗೆ ಕಾಯಿಲೆ ಬಂತು’, ‘ಅವನಿಗೆ ಕಾಯಿಲೆ ಇದೆ’ ಎಂಬ ಎರಡು ಮಾತುಗಳು ನಮ್ಮ ಜನರ ದಿನಬಳಕೆಯಲ್ಲಿವೆ. ಮೊದಲನೆಯದು ಘಟನೆಯನ್ನು ಸೂಚಿಸಿದರೆ ಎರಡನೆಯದು ಸ್ಥಿತಿಯನ್ನು ಸೂಚಿಸುತ್ತದೆ. ವೈದ್ಯಕೀಯ ಅಂಕಿ-ಅಂಶಗಳ ಮೂಲದಲ್ಲಿರುವುದೂ ಇದೇ ಭೇದ. ನಿರ್ದಿಷ್ಟ ಅವಧಿಯಲ್ಲಿ, ಅದುವರೆಗೆ ರೋಗವಿಲ್ಲದವರ ಪೈಕಿ ಎಷ್ಟು ಮಂದಿಗೆ ಅದು ಹೊಸದಾಗಿ ಬಂತು ಎಂಬುದು ಸಂಭವ ಪ್ರಮಾಣ. ಒಂದು ಗೊತ್ತಾದ ದಿನ, ಹಳಬರು ಹೊಸಬರೆನ್ನದೆ ಒಟ್ಟು ಜನರಲ್ಲಿ ಎಷ್ಟು ಮಂದಿಗೆ ಅದು ಇದೆ ಎಂಬುದು ಇರುವಿಕೆಯ ಪ್ರಮಾಣ.

ಇವೆರಡರ ಸಂಬಂಧವನ್ನು ಕೆರೆಯ ದೃಷ್ಟಾಂತದಿಂದ ವಿವರಿಸಬಹುದು. ಹಳ್ಳದಿಂದ ಒಳಬರುವ ನೀರು ಹೊಸ ರೋಗಿಗಳು. ನಿಂತ ನೀರು ಒಟ್ಟು ರೋಗಿಗಳು. ಗುಣವಾಗುವುದು ಮತ್ತು ಸಾಯುವುದು ಎಂಬ ಎರಡು ತೂಬುಗಳಿಂದ ನೀರು ಹೊರಹೋಗುತ್ತದೆ. ಎಚ್‌ಐವಿಯಂತಹ ದೀರ್ಘಕಾಲಿಕ ಸೋಂಕಿನಲ್ಲಿ ಗುಣವಾಗುವ ತೂಬು ಬಹುಮಟ್ಟಿಗೆ ಮುಚ್ಚಿದೆ. ಚಿಕಿತ್ಸೆಯು ಸಾವಿನ ತೂಬನ್ನು ಕಿರಿದುಗೊಳಿಸುತ್ತದೆ.

ಒಂದು ಕಲ್ಪಿತ ತಾಲ್ಲೂಕನ್ನು ತೆಗೆದುಕೊಳ್ಳೋಣ. ಅಲ್ಲಿ ವರ್ಷಕ್ಕೆ 100 ಜನರಿಗೆ ಸೋಂಕು ತಗಲುತ್ತದೆ. ಚಿಕಿತ್ಸೆಯಿಲ್ಲದೆ ಅವರು ಸರಾಸರಿ 10 ವರ್ಷ ಬದುಕುತ್ತಾರೆ. ಆಗ ಸೋಂಕಿತರು 1000 ಮಂದಿ. ವರ್ಷಕ್ಕೆ 100 ಸಾವು. ಔಷಧ ಬಂದ ಮೇಲೆ ಹೊಸ ಸೋಂಕು 60ಕ್ಕೂ ಸಾವು 20ಕ್ಕೂ ಇಳಿಯಿತೆನ್ನೋಣ. ವರ್ಷಾಂತ್ಯಕ್ಕೆ ಸೋಂಕಿತರು 1040 ಆಗುತ್ತಾರೆ. ಇದೇ ಗತಿಯಲ್ಲಿ ಸಾಗಿದರೆ ಹತ್ತು ವರ್ಷಗಳಲ್ಲಿ 1400. ಏರಿದ್ದು ರೋಗದ ಹಬ್ಬುವಿಕೆಯಲ್ಲ, ರೋಗಿಗಳ ಆಯುಷ್ಯ.

ಜಗತ್ತಿನ ಅನುಭವವೂ ಇದೇ. ವಿಶ್ವಸಂಸ್ಥೆಯ ಏಡ್ಸ್ ಕಾರ್ಯಕ್ರಮದ ಅಂದಾಜಿನಂತೆ 1995ರ ಸುಮಾರಿಗೆ ವರ್ಷಕ್ಕೆ 33 ಲಕ್ಷದಷ್ಟಿದ್ದ ಹೊಸ ಸೋಂಕುಗಳು 2023ರಲ್ಲಿ 13 ಲಕ್ಷಕ್ಕೆ ಇಳಿದವು. 2004ರ ಸುಮಾರಿಗೆ 21 ಲಕ್ಷದಷ್ಟಿದ್ದ ಸಾವುಗಳು 2023ರಲ್ಲಿ 6.3 ಲಕ್ಷಕ್ಕೆ ಬಂದವು. ಆದರೂ ಅದೇ 2023ರಲ್ಲಿ ಸೋಂಕಿನೊಡನೆ ಬದುಕುತ್ತಿದ್ದವರು 3.99 ಕೋಟಿ, ಈ ಸಂಖ್ಯೆ ಹಿಂದಿಗಿಂತ ಹೆಚ್ಚಿನದು. ಭಾರತದಲ್ಲಿ ಸರ್ಕಾರದ ಉಚಿತ ಚಿಕಿತ್ಸೆ ಆರಂಭವಾದದ್ದು 2004ರಲ್ಲಿ. ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು.

ಇದಕ್ಕೆ ವಿಪರೀತವಾದ ಓದೂ ಅಷ್ಟೇ ಅಪಾಯಕಾರಿ. ನಮ್ಮ ತಾಲ್ಲೂಕಿಗೆ ಔಷಧ ನಿಂತು, 110 ಜನರಿಗೆ ಹೊಸದಾಗಿ ಸೋಂಕು ತಗಲಿ 200 ಜನ ಸತ್ತರೆ ಒಟ್ಟು ಸಂಖ್ಯೆ 90ರಷ್ಟು ಇಳಿಯುತ್ತದೆ. ಆ ಇಳಿಕೆ ಮಸಣದ ಲೆಕ್ಕವೇ ಹೊರತು ಆರೋಗ್ಯದ ಲೆಕ್ಕವಲ್ಲ.

ಇನ್ನೊಂದು ಎಚ್ಚರವೂ ಅಗತ್ಯ. ಪರೀಕ್ಷೆಯಲ್ಲಿ ಹೊಸದಾಗಿ ಪತ್ತೆಯಾದವರೆಲ್ಲ ಹೊಸ ಸೋಂಕಿತರಲ್ಲ. ಹಲವರಿಗೆ ಸೋಂಕು ವರ್ಷಗಳ ಹಿಂದೆಯೇ ತಗಲಿರುತ್ತದೆ. ಪರೀಕ್ಷಾ ಶಿಬಿರಗಳು ಹೆಚ್ಚಿದ ವರ್ಷ ಪತ್ತೆಯೂ ಹೆಚ್ಚುತ್ತದೆ. ಆದುದರಿಂದ ‘ಸೋಂಕಿತರು ಹೆಚ್ಚಿದರು’ ಎಂಬ ವರದಿಯನ್ನು ಕಂಡಾಗ ಮೂರು ಸಂಗತಿಗಳನ್ನು ಬಿಡಿಬಿಡಿಯಾಗಿ ಕೇಳಬೇಕು: ಹೊಸದಾಗಿ ಬಂದದ್ದು ಎಷ್ಟು ಮಂದಿಗೆ, ತೀರಿಕೊಂಡವರೆಷ್ಟು, ಪರೀಕ್ಷೆಗೊಳಗಾದವರೆಷ್ಟು? ಈ ಉತ್ತರಗಳಿಲ್ಲದೆ ಒಟ್ಟು ಸಂಖ್ಯೆಯೊಂದನ್ನೇ ಹಿಡಿದು ಚಿಕಿತ್ಸೆ ವ್ಯರ್ಥವೆಂದು ತೀರ್ಮಾನಿಸಿದರೆ, ಬದುಕಿ ಉಳಿದವರನ್ನೇ ಸೋಲಿನ ಸಾಕ್ಷಿಗಳೆಂದು ಎಣಿಸಿದಂತಾಗುತ್ತದೆ.