ಮಂಡಿನೋವಿನ ಮಾತ್ರೆಯ ಜೊತೆ ಬರುವ ಚೀಟಿ

ಔಷಧದ ಡಬ್ಬಿಯೊಳಗೆ ಹಲವು ಮಡಿಕೆಯಾಗಿ ಕೂತಿರುವ ತೆಳು ಕಾಗದವನ್ನು ಬಿಡಿಸಿದವರ ಕಣ್ಣು ಮೊದಲು ಹೋಗುವುದು ಅಡ್ಡಪರಿಣಾಮಗಳ ಪಟ್ಟಿಗೆ. ಕೆಲವರು ಅದನ್ನು ಓದಿ ಹೆದರಿ ಮಾತ್ರೆಯನ್ನೇ ಬಿಡುತ್ತಾರೆ. ಇನ್ನು ಕೆಲವರು ಕಾಗದ ಬಿಸಾಡಿ ಮಾತ್ರೆ ನುಂಗುತ್ತಾರೆ. ಮನೆಯ ಹಿರಿಯರಿಗಾಗಿ ಓದುವಾಗ ಆ ಪಟ್ಟಿಯನ್ನು ಕೊನೆಗಿಟ್ಟುಕೊಳ್ಳುವುದು ವಾಸಿ. ಅವರ ಮೂತ್ರಪಿಂಡ ಹೇಗಿದೆ, ಅವರು ಆಗಲೇ ನುಂಗುತ್ತಿರುವ ಮಾತ್ರೆಗಳು ಯಾವುವು ಎಂಬುದರ ಪಕ್ಕದಲ್ಲಿಟ್ಟು ಓದಿದಾಗಲೇ ಚೀಟಿ ಮಾತನಾಡುತ್ತದೆ.

74 ವರ್ಷದ, 48 ಕೆ.ಜಿ. ತೂಕದ ಒಬ್ಬ ಅಜ್ಜಿ ಇದ್ದಾರೆಂದುಕೊಳ್ಳಿ. ಬಿಪಿಗೆ ಟೆಲ್ಮಿಸಾರ್ಟನ್ ಮತ್ತು ಹೈಡ್ರೋಕ್ಲೋರೋಥಯಜೈಡ್ ಎರಡೂ ಸೇರಿರುವ ಒಂದು ಮಾತ್ರೆ, ಶುಗರ್‌ಗೆ ಮೆಟ್‌ಫಾರ್ಮಿನ್. ಈಗ ಮಂಡಿನೋವು ಜೋರಾಗಿದೆ. ಯಾರೋ ಹೇಳಿದರೆಂದು ಡೈಕ್ಲೋಫೆನಾಕ್ 50 ಮಿ.ಗ್ರಾಂ. ಮಾತ್ರೆ ಮನೆಗೆ ಬಂದಿದೆ.

ಅದರ ಚೀಟಿಯ ಡೋಸೇಜ್ ಭಾಗದಲ್ಲಿ ವಯಸ್ಕರಿಗೆ ದಿನಕ್ಕೆ 100ರಿಂದ 150 ಮಿ.ಗ್ರಾಂ., ಎರಡು ಮೂರು ಸಲ ಹಂಚಿಕೊಂಡು, ಎಂದಿರುತ್ತದೆ. ಅಲ್ಲಿಗೇ ಓದು ನಿಲ್ಲಿಸಬಾರದು. ಕೆಳಗೆ ‘ಎಲ್ಡರ್ಲಿ’ ಎಂಬ ಸಾಲಿನಲ್ಲಿ ಆದಷ್ಟು ಕಡಿಮೆ ಪ್ರಮಾಣ, ಆದಷ್ಟು ಕಡಿಮೆ ದಿನ ಎಂದೂ, ‘ರೀನಲ್ ಇಂಪೇರ್‌ಮೆಂಟ್’ ಎಂಬ ಸಾಲಿನಲ್ಲಿ ಮೂತ್ರಪಿಂಡ ದುರ್ಬಲವಾಗಿದ್ದರೆ ಎಚ್ಚರ, ತೀರಾ ಕೆಟ್ಟಿದ್ದರೆ ಬೇಡವೇ ಬೇಡ ಎಂದೂ ಇರುತ್ತದೆ.

ಅಜ್ಜಿಯ ರಿಪೋರ್ಟ್‌ನಲ್ಲಿ ಕ್ರಿಯಾಟಿನಿನ್ 1.1 ಇದೆ. ಹಲವು ಲ್ಯಾಬ್‌ಗಳು ಇದನ್ನು ನಾರ್ಮಲ್ ಎಂದೇ ಮುದ್ರಿಸುತ್ತವೆ. ಆದರೆ ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುವಿನಿಂದ. ವಯಸ್ಸಾದಂತೆ ಸ್ನಾಯು ಕರಗುವುದರಿಂದ ಅಂಕಿ ಸುಳ್ಳು ಧೈರ್ಯ ಕೊಡುತ್ತದೆ. ವೈದ್ಯರು ಬಳಸುವ ಒಂದು ಲೆಕ್ಕ ಹೀಗಿದೆ: 140ರಲ್ಲಿ ವಯಸ್ಸು ಕಳೆದರೆ 66. ಅದನ್ನು ತೂಕ 48ರಿಂದ ಗುಣಿಸಿ, 72 ಮತ್ತು 1.1ರ ಗುಣಲಬ್ಧದಿಂದ ಭಾಗಿಸಿದರೆ 40. ಹೆಂಗಸರಿಗೆ ಅದನ್ನು 0.85ರಿಂದ ಗುಣಿಸಬೇಕು, ಉತ್ತರ 34. ಆರೋಗ್ಯವಂತ ಯೌವನದಲ್ಲಿ ಇದು 100ರ ಆಸುಪಾಸು ಇರುತ್ತದೆ. ಇದು ಅಂದಾಜು ಮಾತ್ರ, ನಿರ್ಧಾರ ವೈದ್ಯರದು. ಆದರೂ ‘ರೀನಲ್’ ಎಂಬ ಸಾಲು ಈ ಅಜ್ಜಿಗೂ ಅನ್ವಯಿಸುತ್ತದೆ ಎಂಬುದಂತೂ ಸ್ಪಷ್ಟ.

ಇನ್ನು ‘ಇಂಟರಾಕ್ಷನ್ಸ್’. ಹೆಚ್ಚಿನವರು ದಾರಿ ತಪ್ಪುವುದು ಇಲ್ಲೇ, ಏಕೆಂದರೆ ಚೀಟಿಯಲ್ಲಿ ಬಿಪಿ ಮಾತ್ರೆಯ ಹೆಸರು ಸಿಗುವುದಿಲ್ಲ. ‘ಆಂಜಿಯೋಟೆನ್ಸಿನ್ ರಿಸೆಪ್ಟರ್ ಬ್ಲಾಕರ್’, ‘ಎಸಿಇ ಇನ್‌ಹಿಬಿಟರ್’, ‘ಡೈಯೂರೆಟಿಕ್’ ಎಂಬ ಗುಂಪಿನ ಹೆಸರುಗಳಷ್ಟೇ ಇರುತ್ತವೆ. ಬಿಪಿ ಮಾತ್ರೆಯ ಹಾಳೆಯಲ್ಲಿ ಬ್ರ್ಯಾಂಡ್ ಹೆಸರನ್ನು ಬಿಟ್ಟು ಸಣ್ಣಕ್ಷರದ ಕಾಂಪೊಸಿಷನ್ ನೋಡಬೇಕು. ‘ಸಾರ್ಟನ್’ ಎಂದು ಕೊನೆಯಾದರೆ ಮೊದಲನೆಯ ಗುಂಪು, ‘ಪ್ರಿಲ್’ ಎಂದಾದರೆ ಎರಡನೆಯದು, ‘ಥಯಜೈಡ್’ ಎಂದಿದ್ದರೆ ಮೂತ್ರ ಹೆಚ್ಚಿಸುವ ಡೈಯೂರೆಟಿಕ್. ಅಜ್ಜಿಯ ಒಂದೇ ಮಾತ್ರೆಯಲ್ಲಿ ಎರಡು ಗುಂಪುಗಳಿವೆ!

ಇದರಿಂದ ಆಗುವುದೇನು? ಮೂತ್ರಪಿಂಡದ ಸೋಸುವ ಜಾಲಕ್ಕೆ ರಕ್ತ ಒಳಬರುವ ನಳಿಕೆಯೊಂದು, ಹೊರಹೋಗುವ ನಳಿಕೆಯೊಂದು. ಡೈಕ್ಲೋಫೆನಾಕ್ ಒಳನಳಿಕೆಯನ್ನು ಕಿರಿದು ಮಾಡುತ್ತದೆ. ಟೆಲ್ಮಿಸಾರ್ಟನ್ ಹೊರನಳಿಕೆಯನ್ನು ಸಡಿಲಿಸುತ್ತದೆ. ಥಯಜೈಡ್ ದೇಹದ ನೀರನ್ನೇ ಕಡಿಮೆ ಮಾಡುತ್ತದೆ. ಮೂರೂ ಸೇರಿದರೆ ಸೋಸಲು ಬೇಕಾದ ಒತ್ತಡವೇ ಉಳಿಯುವುದಿಲ್ಲ. ವಾಂತಿ ಭೇದಿ ಆದ ದಿನವಂತೂ ಅಪಾಯ ಇನ್ನೂ ಹೆಚ್ಚು. ಮೂತ್ರಪಿಂಡ ಕುಸಿದರೆ ಅದರ ಮೂಲಕವೇ ಹೊರಹೋಗಬೇಕಾದ ಮೆಟ್‌ಫಾರ್ಮಿನ್ ರಕ್ತದಲ್ಲಿ ಉಳಿದುಬಿಡುತ್ತದೆ. ನೋವಿನ ಮಾತ್ರೆಗಳು ಬಿಪಿಯನ್ನು ಏರಿಸುವುದೂ ಉಂಟು.

ಅಡ್ಡಪರಿಣಾಮಗಳ ಉದ್ದ ಪಟ್ಟಿ ಈಗ ಅಷ್ಟು ಹೆದರಿಸುವುದಿಲ್ಲ. ಅಲ್ಲಿನ ಪದಗಳಿಗೆ ಗೊತ್ತಾದ ಅಳತೆಯಿದೆ. ಸಾಮಾನ್ಯವಾಗಿ ‘ಕಾಮನ್’ ಎಂದರೆ 100 ಜನರಲ್ಲಿ 1ರಿಂದ 10 ಮಂದಿಗೆ ಆಗುವಂಥದ್ದು, ‘ರೇರ್’ ಎಂದರೆ 10,000 ಜನರಲ್ಲಿ 1ರಿಂದ 10 ಮಂದಿಗೆ. ಆದರೆ ಅದು ಎಲ್ಲ ವಯಸ್ಸಿನವರನ್ನೂ ಸೇರಿಸಿದ ಲೆಕ್ಕ. ಹೊಟ್ಟೆಯ ಹುಣ್ಣು, ರಕ್ತಸ್ರಾವದ ಅಪಾಯ ವಯಸ್ಸಿನೊಂದಿಗೆ ಏರುತ್ತದೆ, ಹೃದಯಕ್ಕೆಂದು ಆಸ್ಪಿರಿನ್ ತೆಗೆದುಕೊಳ್ಳುವವರಿಗೆ ಇನ್ನೂ ಹೆಚ್ಚು. ಮಲ ಟಾರಿನಂತೆ ಕಪ್ಪಾಗುವುದು, ಮೂತ್ರ ಕಡಿಮೆಯಾಗುವುದು, ಪಾದ ಊದುವುದು, ಏದುಸಿರು ಇವುಗಳಲ್ಲಿ ಯಾವುದು ಕಂಡರೂ ನೋವಿನ ಮಾತ್ರೆ ನಿಲ್ಲಿಸಿ ಅಂದೇ ವೈದ್ಯರನ್ನು ಕಾಣಬೇಕು. ಚೀಟಿ ನೋಡಿ ಹೆದರಿ ಬಿಪಿ ಮಾತ್ರೆಯನ್ನು ಬಿಡುವುದು ಮಾತ್ರ ಕೂಡದು.

ಮೊದಲ ಮಾತ್ರೆ ನುಂಗುವ ಮುನ್ನವೇ ಎಲ್ಲ ಹಾಳೆಗಳನ್ನೂ ಕ್ರಿಯಾಟಿನಿನ್ ರಿಪೋರ್ಟನ್ನೂ ವೈದ್ಯರ ಮುಂದಿಟ್ಟರೆ, ಅವರು ಪ್ಯಾರಾಸಿಟಮಾಲ್ ಅಥವಾ ಹಚ್ಚುವ ಜೆಲ್ ಸೂಚಿಸಬಹುದು. ಆಗಲೂ ಕಾಂಪೊಸಿಷನ್ ಓದಲೇಬೇಕು. ಅಂಗಡಿಯಲ್ಲಿ ಸಿಗುವ ಅನೇಕ ನೋವಿನ ಮಾತ್ರೆಗಳಲ್ಲಿ ಡೈಕ್ಲೋಫೆನಾಕ್ ಅಥವಾ ಅಸಿಕ್ಲೋಫೆನಾಕ್ ಜೊತೆ ಪ್ಯಾರಾಸಿಟಮಾಲ್ ಆಗಲೇ ಸೇರಿರುತ್ತದೆ.

ನಮ್ಮಲ್ಲಿ ಚೀಟಿ ಹೆಚ್ಚಾಗಿ ಇಂಗ್ಲಿಷಿನಲ್ಲಿ, ಅದೂ ವೈದ್ಯರನ್ನು ಉದ್ದೇಶಿಸಿ ಇರುತ್ತದೆ. ಹಾಳೆ ಕತ್ತರಿಸಿ ನಾಲ್ಕು ಮಾತ್ರೆ ಕೊಟ್ಟಾಗ ಅದೂ ಕೈಗೆ ಬರುವುದಿಲ್ಲ. ಮೆಡಿಕಲ್ ಶಾಪ್‌ನಲ್ಲಿ ಡಬ್ಬಿಯೊಳಗಿನ ಚೀಟಿಯನ್ನು ಕೇಳಿ, ಮೊಬೈಲ್‌ನಲ್ಲಿ ಫೋಟೊ ತೆಗೆದು ಹಿಗ್ಗಿಸಿದರೆ ಅಕ್ಷರ ಕಾಣುತ್ತದೆ. ಮಾತ್ರೆಯಿಂದ ತೊಂದರೆಯಾಗಿದೆ ಎಂಬ ಅನುಮಾನ ಬಂದರೆ ಕೇಂದ್ರ ಸರ್ಕಾರದ ಔಷಧ ಸುರಕ್ಷತಾ ಕಾರ್ಯಕ್ರಮದ ಉಚಿತ ಸಹಾಯವಾಣಿ 1800-180-3024ಕ್ಕೆ ರೋಗಿಯ ಮನೆಯವರೂ ವರದಿ ಮಾಡಬಹುದು.