ನಿಮಗಿದು ಗೊತ್ತೆ? ಕಟ್ಟಿ ಬರೆದ ಅಂಕಿ ಸಿಕ್ಕಿಬೀಳುವ ಬಗೆ

ಹಲಸೂರಿನಿಂದ ಕೆ.ಆರ್. ಪುರದ ಕಡೆಗೆ ಹೋಗುವ ಹಳೇ ಮದ್ರಾಸ್ ರಸ್ತೆಯಲ್ಲಿ ನಿಂತು, ಸಾಲಾಗಿ ಬರುವ 100 ವಾಹನಗಳ ನಂಬರ್ ಪ್ಲೇಟಿನ ಕೊನೆಯ ಅಂಕಿಯನ್ನಷ್ಟೇ ಬರೆದುಕೊಳ್ಳಿ. 7ರ ಹಿಂದೆಯೇ ಇನ್ನೊಂದು 7, 2ರ ಪಕ್ಕದಲ್ಲೇ 2 ಹೀಗೆ ಸುಮಾರು 10 ಕಡೆ ಜೋಡಿ ಸಿಗುತ್ತದೆ. ಕಾರಣ ಸರಳ: ಮುಂದಿನ ವಾಹನಕ್ಕೆ ಹಿಂದಿನದರ ನೆನಪಿಲ್ಲ. ಹತ್ತು ಅಂಕಿಗಳಲ್ಲಿ ಯಾವುದು ಬೇಕಾದರೂ ಬರಬಹುದು, ಈಗಷ್ಟೇ ಹೋದದ್ದೂ ಸೇರಿ. ಅಕ್ಕಪಕ್ಕದ 99 ಜೋಡಿಗಳಲ್ಲಿ ಹತ್ತರಲ್ಲೊಂದು ಪಾಲು ಒಂದೇ ಅಂಕಿಯದ್ದಾಗುತ್ತದೆ.

ಈಗ ಒಬ್ಬರು ರಸ್ತೆಗಿಳಿಯದೆ ಮನೆಯಲ್ಲೇ ಕೂತು 100 ಅಂಕಿ ತುಂಬಿದರು ಎನ್ನಿ. 7 ಬರೆದ ಕೈ ಮತ್ತೆ 7 ಬರೆಯಲು ಹಿಂಜರಿಯುತ್ತದೆ. ಅದು 'ಬೇಕೆಂದೇ ಬರೆದಂತೆ' ಕಾಣುತ್ತದಲ್ಲ! ಆ ಪಟ್ಟಿಯಲ್ಲಿ ಜೋಡಿಗಳು ಎರಡೋ ಮೂರೋ ಇದ್ದರೆ ಹೆಚ್ಚು. ನಿಜವಾದ ಎಣಿಕೆಯಲ್ಲಿ ಮೂರು ಅಥವಾ ಅದಕ್ಕೂ ಕಡಿಮೆ ಬರುವ ಸಂಭವ ನೂರಕ್ಕೆ ಒಂದಕ್ಕಿಂತ ಕಡಿಮೆ. ಒಂದೂ ಬಾರದಿರುವುದು ಸುಮಾರು 34,000ಕ್ಕೆ ಒಮ್ಮೆ.

ದುಡ್ಡು ಕೊಟ್ಟು ಫ್ಯಾನ್ಸಿ ನಂಬರ್ ಪಡೆಯುವವರಿಂದ ಲೆಕ್ಕ ಕೆಡುವುದಿಲ್ಲವೇ? ಕೆಲವು ಅಂಕಿಗಳಿಗೆ ಬೇಡಿಕೆ ಜಾಸ್ತಿಯಾದರೆ ಜೋಡಿಗಳು ಹೆಚ್ಚಾಗುತ್ತವೆಯೇ ಹೊರತು ಕಡಿಮೆಯಾಗವು. ಆದರೆ ಪಟ್ಟಿ ಉದ್ದವಿರಬೇಕು: ಬರೀ 20 ಅಂಕಿಗಳಿದ್ದರೆ ಏಳರಲ್ಲೊಂದು ಸಲ ನಿಜವಾದ ಪಟ್ಟಿಯಲ್ಲೂ ಜೋಡಿಯೇ ಇರದು.

ನಮ್ಮ ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ಕೂಡ ಕಟ್ಟಿದ ದತ್ತಾಂಶವನ್ನು ಪತ್ತೆಹಚ್ಚುವ ಬಗ್ಗೆ 'ಸ್ಟ್ಯಾಟಿಸ್ಟಿಕ್ಸ್ ಅಂಡ್ ಟ್ರೂತ್' ಪುಸ್ತಕದಲ್ಲಿ ಬರೆದಿದ್ದಾರೆ.